ಎಲೆ ಸೊಂಪಾಗಿದೆ, ಮಲ್ಲಿಗೆ ಮಾತ್ರ ಬಿಡ್ತಿಲ್ಲ

ಪ್ರಶ್ನೆ: ಬೆಂಗಳೂರಿನಲ್ಲಿ ಎರಡನೇ ಮಹಡಿ, ಪೂರ್ವದ ಬಾಲ್ಕನಿ. 12 ಇಂಚಿನ ಪಾಟ್‌ನಲ್ಲಿ ದುಂಡು ಮಲ್ಲಿಗೆ ಇದೆ. ಎಲೆ ಕಡು ಹಸಿರು, ಬಳ್ಳಿ ಉದ್ದುದ್ದ ಹೋಗ್ತಿದೆ. ವಾರಕ್ಕೊಮ್ಮೆ ಕಡಲೆಕಾಯಿ ಹಿಂಡಿ ನೀರು ಹಾಕ್ತೀನಿ. ಮಾರ್ಚ್‌ನಲ್ಲಿ ಟ್ರಿಮ್ ಮಾಡಿದ್ದೆ. ಜುಲೈ ಬಂತು, ಒಂದು ಮೊಗ್ಗೂ ಇಲ್ಲ. ಟ್ರಿಮ್ ಮಾಡಿದ್ದೇ ತಪ್ಪಾಯ್ತಾ?

ಉತ್ತರ: ಟ್ರಿಮ್ ಮಾಡಿದ ಕಾಲ ಸರಿಯಿರಲಿಲ್ಲ, ನಿಜ. ಆದರೆ ಅದೊಂದೇ ಕಾರಣವಾಗಿದ್ದರೆ ಮೇ ಹೊತ್ತಿಗಾದರೂ ನಾಲ್ಕು ಮೊಗ್ಗು ಬರಬೇಕಿತ್ತು. ದುಂಡು ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಮಾರ್ಚ್‌ನಲ್ಲಿ ಕತ್ತರಿಸಿದರೂ ಬಿಸಿಲಿದ್ದರೆ ಚಿಗುರು ಬಂದು, ತಡವಾಗಿಯಾದರೂ ಹೂ ಕೊಡುತ್ತದೆ. ಹಾಗಾಗಿ ನನ್ನ ಮೊದಲ ಅನುಮಾನ ನಿಮ್ಮ ಬಾಲ್ಕನಿಯ ಮೇಲೆ.

ಈ ಗಿಡಕ್ಕೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಬಾಲ್ಕನಿ ಬೆಳಕಾಗಿದ್ದರೆ ಸಾಲದು, ಎಲೆಯ ಮೇಲೆ ಬಿಸಿಲು ಬೀಳಬೇಕು. ಒಂದು ರಜಾ ದಿನ ಬೆಳಗ್ಗೆ 7ರಿಂದ ಗಂಟೆಗೊಮ್ಮೆ ಹೋಗಿ, ಪಾಟ್‌ನ ನೆರಳು ಗಾಢವಾಗಿ ಬೀಳುತ್ತಿದೆಯಾ ನೋಡಿ. ಪೂರ್ವದ ಬಾಲ್ಕನಿಯಲ್ಲಿ ಸಾಮಾನ್ಯವಾಗಿ 10–11 ಗಂಟೆಗೆ ಮೇಲಿನ ಮನೆಯ ಸ್ಲ್ಯಾಬ್ ಬಿಸಿಲನ್ನು ತಡೆದುಬಿಡುತ್ತದೆ. ಅಂದರೆ ಮೂರು, ಹೆಚ್ಚೆಂದರೆ ನಾಲ್ಕು ಗಂಟೆ.

ದಕ್ಷಿಣದ ಬಾಲ್ಕನಿ ಇದ್ದರೆ ಅಲ್ಲಿಗೆ ಇಡೋಣ ಅಂದುಕೊಳ್ಳಬೇಡಿ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಸ್ವಲ್ಪ ಉತ್ತರಕ್ಕಿರುತ್ತಾನೆ. ಡಿಸೆಂಬರ್‌ನಲ್ಲಿ ದಿನವಿಡೀ ಬಿಸಿಲು ಕಾಣುವ ದಕ್ಷಿಣದ ಬಾಲ್ಕನಿ ಮೇ ತಿಂಗಳಲ್ಲಿ ನೆರಳಾಗುತ್ತದೆ. ಮಲ್ಲಿಗೆಯ ಸುಗ್ಗಿ ಮಾರ್ಚ್‌ನಿಂದ ಜೂನ್. ಬಿಸಿಲು ಬೇಕಾದ ಕಾಲಕ್ಕೇ ಅಲ್ಲಿ ಇರಲ್ಲ! ತಾರಸಿಯೇ ಸರಿಯಾದ ಜಾಗ. ಒಂದೇ ದಿನಕ್ಕೆ ಮೇಲೆ ಒಯ್ದರೆ ನೆರಳಿಗೆ ಒಗ್ಗಿದ ಎಲೆ ಸುಟ್ಟುಹೋಗುತ್ತದೆ. ಹತ್ತು ದಿನ ತೆಗೆದುಕೊಂಡು, ಬಿಸಿಲನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ತಾರಸಿಗೆ ಅನುಮತಿ ಇಲ್ಲದಿದ್ದರೆ, ಬೇಜಾರಾದರೂ ಹೇಳಿಬಿಡುತ್ತೇನೆ, ಯಾವ ಗೊಬ್ಬರವೂ ಆ ಕೊರತೆ ತುಂಬಲ್ಲ. ನಾನಾದರೆ ಗಿಡವನ್ನು ತಾರಸಿ ಇರುವ ನೆಂಟರಿಗೆ ಕೊಡುತ್ತೇನೆ.

ಇನ್ನು ಹಿಂಡಿ ನೀರು. ಕಡಲೆಕಾಯಿ ಹಿಂಡಿಯಲ್ಲಿ ಸಾರಜನಕವೇ ಜಾಸ್ತಿ, ಸುಮಾರು ಏಳು ಪರ್ಸೆಂಟ್. ರಂಜಕ, ಪೊಟ್ಯಾಷ್ ತುಂಬಾ ಕಡಿಮೆ. ತೋಟದ ಮಲ್ಲಿಗೆಗೆ ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಹೇಳುವ ಲೆಕ್ಕದಲ್ಲಿ ಗಿಡಕ್ಕೆ ವರ್ಷಕ್ಕೆ 60 ಗ್ರಾಂ ಸಾರಜನಕವಾದರೆ ರಂಜಕ, ಪೊಟ್ಯಾಷ್ ತಲಾ 120 ಗ್ರಾಂ. ನಿಮ್ಮದು ಪೂರ್ತಿ ಉಲ್ಟಾ. ವಾರ ವಾರ ಹಾಕಿದರೆ ಗಿಡ ಎಲೆ, ಬಳ್ಳಿ ಬೆಳೆಸುತ್ತಾ ಕೂರುತ್ತದೆ, ಹೂವಿನ ಗೋಜಿಗೇ ಹೋಗಲ್ಲ. ಈಗಲೇ ನಿಲ್ಲಿಸಿ. ತೋಟದ ಆ ಪ್ರಮಾಣವನ್ನು ಪಾಟ್‌ಗೆ ಸುರಿಯಬೇಡಿ ಮತ್ತೆ, ಬೇರು ಸುಡುತ್ತದೆ. ತಾರಸಿಗೆ ಹೋದ ಮೇಲೆ ಒಂದು ಹಿಡಿ ಮೂಳೆ ಪುಡಿಯನ್ನು ಮಣ್ಣಿಗೆ ಬೆರೆಸಿ. ಎರಡು ವಾರಕ್ಕೊಮ್ಮೆ 0:52:34 ಅನ್ನೋ, ಸಾರಜನಕವಿಲ್ಲದ ರಂಜಕ-ಪೊಟ್ಯಾಷ್ ಗೊಬ್ಬರವನ್ನು ಲೀಟರ್ ನೀರಿಗೆ 2 ಗ್ರಾಂನಂತೆ ಕರಗಿಸಿ ಕೊಡಿ, ಆದರೆ ಮಣ್ಣು ಒದ್ದೆಯಿದ್ದಾಗ ಮಾತ್ರ. ಬಾಳೆಹಣ್ಣಿನ ಸಿಪ್ಪೆ ನೀರನ್ನು ಎಲ್ಲರೂ ಹೇಳುತ್ತಾರೆ. ಕೆಡುಕೇನಿಲ್ಲ, ಸುಮ್ನೆ ಸೊಳ್ಳೆ, ನೊಣ ಜಾಸ್ತಿ.

ಕತ್ತರಿ ವಿಷಯಕ್ಕೆ ಬರೋಣ. ಜುಲೈನಲ್ಲಿ ಗಿಡವನ್ನು ಬೋಳು ಮಾಡಬೇಡಿ. ಹುರಿಯಂತೆ ಉದ್ದ ಹೋಗಿರುವ ಬಳ್ಳಿಗಳನ್ನು ಮೂರನೇ ಒಂದು ಭಾಗ ಮೊಟಕು ಮಾಡಿ, ಒಣಗಿದ ಕಡ್ಡಿ ತೆಗೆಯಿರಿ, ಸಾಕು. ದೊಡ್ಡ ಕಟಾವು ನವೆಂಬರ್ ಕೊನೆಯ ವಾರಕ್ಕೆ. ಅದಕ್ಕೆ ಹತ್ತು ದಿನ ಮೊದಲೇ ನೀರು ಕಡಿಮೆ ಮಾಡಿ, ಆದರೆ ಗಿಡ ಬಾಡಿ ಬೀಳುವಷ್ಟಲ್ಲ. ಆಮೇಲೆ ಮಣ್ಣಿನಿಂದ ಒಂದೂವರೆ ಅಡಿ ಬಿಟ್ಟು ಎಲ್ಲಾ ರೆಂಬೆ ಕತ್ತರಿಸಿ. ಉಳಿದ ಎಲೆಯನ್ನೂ ಕೈಯಿಂದ ಕಿತ್ತುಬಿಡಿ. ನೋಡಲು ಸತ್ತ ಕಡ್ಡಿಗಳ ಹಾಗೆ ಕಾಣುತ್ತದೆ, ಹೆದರಬೇಡಿ. ಆಗ ಎರಡು ಹಿಡಿ ಎರೆಗೊಬ್ಬರ ಹಾಕಿ ನೀರು ಮತ್ತೆ ಶುರು ಮಾಡಿ. ಪಾಟ್‌ನ ತಳದ ತೂತಿನಿಂದ ಬೇರು ಹೊರಬಂದಿದ್ದರೆ 14 ಇಂಚಿನ ಪಾಟ್‌ಗೆ ಬದಲಿಸಲೂ ಅದೇ ಸಮಯ. ಫೆಬ್ರವರಿ–ಮಾರ್ಚ್‌ನಲ್ಲಿ ಚಿಗುರಿನ ತುದಿಯಲ್ಲಿ ಮೊಗ್ಗು ಕಾಣಬೇಕು. ಒಂದು ಸರದಿ ಹೂ ಮುಗಿದ ಕೂಡಲೇ ಆ ತುದಿಯನ್ನು ಎರಡು ಜೋಡಿ ಎಲೆಯ ಕೆಳಗೆ ಚಿವುಟಿ, ಪಕ್ಕದಿಂದ ಹೊಸ ಚಿಗುರು ಹೊರಡುತ್ತದೆ.

ಎಲ್ಲಿ ತಪ್ಪಿದೆ ಅನ್ನುವುದನ್ನು ಹೊಸ ಚಿಗುರೇ ಹೇಳುತ್ತದೆ. ಎರಡು ಗೆಣ್ಣಿನ ನಡುವೆ ಅಂತರ ಜಾಸ್ತಿ, ಎಲೆ ಅಗಲ, ತೆಳು ಇದ್ದರೆ ಬಿಸಿಲು ಇನ್ನೂ ಸಾಲುತ್ತಿಲ್ಲ. ಪೂರ್ತಿ ಬಿಸಿಲಿದ್ದೂ ಬರೀ ಉದ್ದ ಬಳ್ಳಿ ಬಂದರೆ ಸಾರಜನಕ ಇನ್ನೂ ಇಳಿದಿಲ್ಲ. ಮೊಗ್ಗು ಬಂದು, ನೇರಳೆ ಬಣ್ಣಕ್ಕೆ ತಿರುಗಿ ಅರಳದೆ ಉದುರಿದರೆ ಅದು ಹುಳದ ಕಾಟ. ಆಗ ಅಂಥ ಮೊಗ್ಗುಗಳನ್ನು ಕಿತ್ತು ಮನೆಯಿಂದ ಆಚೆ ಹಾಕಿ, ಗೊಬ್ಬರ ಬದಲಿಸುತ್ತಾ ಕೂರಬೇಡಿ.