ರಾಕೆಟ್ ಸಮೀಕರಣದಲ್ಲಿ v ಎಲ್ಲಿ ಹೋಯಿತು?

ಪ್ರಶ್ನೆ: ಬಿ.ಎಸ್‌ಸಿ. ಮೊದಲ ವರ್ಷ ಓದ್ತಿದ್ದೀನಿ. ನ್ಯೂಟನ್ ನಿಯಮ F = d(mv)/dt ಅಲ್ವಾ? ಬಿಡಿಸಿದ್ರೆ m dv/dt + v dm/dt ಬರುತ್ತೆ. ಆದ್ರೆ ರಾಕೆಟ್ ಲೆಕ್ಕದಲ್ಲಿ v ಬದಲು ಅನಿಲದ ವೇಗ u ಇರುತ್ತೆ. ನನ್ನ v ಎಲ್ಲಿ ಹೋಯ್ತು?

ಉತ್ತರ:

ನೀವು ಬಿಡಿಸಿದ ರೀತಿಯಲ್ಲಿ ಗಣಿತ ತಪ್ಪಿಲ್ಲ. ಆದರೆ ನೀವು ಸಂವೇಗವನ್ನು ರಾಕೆಟ್ಟಿಗೆ ಮಾತ್ರ ಬರೆದಿದ್ದೀರಿ. ಹೊರಗೆ ಹೋದ ಅನಿಲವೂ ಸ್ವಲ್ಪ ಸಂವೇಗ ತೆಗೆದುಕೊಂಡು ಹೋಗುತ್ತದೆ. ಅದು ಲೆಕ್ಕದಿಂದ ಬಿಟ್ಟುಹೋಗಿದೆ. F = d(mv)/dt ಎನ್ನುವ ನಿಯಮ ಸರಿಯಾಗಬೇಕಾದರೆ ಒಂದು ಷರತ್ತಿದೆ: ನೀವು ಆರಿಸಿದ ಗುಂಪಿನ ಒಳಗೆ ಏನೂ ಬರಬಾರದು, ಅದರಿಂದ ಏನೂ ಹೋಗಬಾರದು.

ಹಾಗಾಗಿ ನಾನು ಇಂಥ ಲೆಕ್ಕದಲ್ಲಿ ಅವಕಲನದಿಂದ ಶುರು ಮಾಡುವುದೇ ಇಲ್ಲ. ಒಂದು ಚಿಕ್ಕ ಅವಧಿ ತೆಗೆದುಕೊಂಡು, ಅದರ ಮೊದಲು ಎಷ್ಟು ಸಂವೇಗ ಇತ್ತು, ಆಮೇಲೆ ಎಷ್ಟಿದೆ ಎಂದು ಎರಡು ಸಾಲು ಬರೆಯುತ್ತೇನೆ. ಎರಡೂ ಸಾಲಿನಲ್ಲಿ ಅದೇ ವಸ್ತುಗಳು ಇರಬೇಕು. ರಾಕೆಟ್ಟಿನ ದ್ರವ್ಯರಾಶಿ m, ವೇಗ v ಇರಲಿ. ಆ ಅವಧಿಯಲ್ಲಿ Δm ಅನಿಲ ಹಿಂದಕ್ಕೆ ಹೋಯಿತು. ರಾಕೆಟ್ಟಿನಿಂದ ನೋಡಿದರೆ ಅದರ ವೇಗ u. ನೆಲದಿಂದ ನೋಡಿದರೆ v − u.

```
ಮೊದಲು:  m v
ಆಮೇಲೆ:  (m − Δm)(v + Δv) + Δm (v − u)
```

ಹೊರಗಿನ ಬಲ ಇಲ್ಲದಿದ್ದರೆ ಎರಡೂ ಸಮ. ಎರಡನೇ ಸಾಲನ್ನು ಕಾಗದದ ಮೇಲೆ ಒಮ್ಮೆ ಬಿಡಿಸಿ ನೋಡಿ. ರಾಕೆಟ್ ಭಾಗದಿಂದ −vΔm ಬರುತ್ತದೆ, ಅನಿಲದ ಭಾಗದಿಂದ +vΔm ಬರುತ್ತದೆ. ಎರಡೂ ಹೊಡೆದುಹೋಗುತ್ತವೆ. ನಿಮ್ಮ v ಹೋದದ್ದು ಅಲ್ಲಿಗೆ. ΔmΔv ತೀರಾ ಚಿಕ್ಕದು, ಅದನ್ನು ಬಿಡಬಹುದು. ಉಳಿಯುವುದು mΔv = uΔm ಅಷ್ಟೇ. ಗುರುತ್ವದಂಥ ಹೊರಗಿನ ಬಲ ಇದ್ದರೆ ಬಲಗಡೆ FΔt ಸೇರಿಸಿದರೆ ಮುಗಿಯಿತು.

ಚಿಹ್ನೆಯ ಬಗ್ಗೆ ಒಂದು ಮಾತು. ಇಲ್ಲಿ Δm ಎಂದರೆ ಹೊರಹೋದ ಅನಿಲ, ಅದು ಧನ. ರಾಕೆಟ್ಟಿನ ದ್ರವ್ಯರಾಶಿಯ ಬದಲಾವಣೆ dm ಅದಕ್ಕೆ ವಿರುದ್ಧ, ಅದು ಋಣ. ಸಮಾಕಲನ ಮಾಡುವಾಗ ಈ ಎರಡನ್ನು ಕಲಸಿದರೆ ಇಂಧನ ಉರಿದಂತೆ ರಾಕೆಟ್ ನಿಧಾನವಾಗುವ ಉತ್ತರ ಬರುತ್ತದೆ. ಸರಿಯಾಗಿ ಮಾಡಿದರೆ ಸಿಗುವುದು Δv = u ln(m₀/m₁). ಇಲ್ಲಿ m₀ ಎಂಜಿನ್ ಉರಿಯುವ ಮೊದಲಿನ ದ್ರವ್ಯರಾಶಿ, m₁ ಉರಿದ ಮೇಲಿನದು.

ಈಗ ಇದನ್ನು ನಿಜವಾದ ಅಂಕಿಗಳ ಮೇಲೆ ನೋಡೋಣ. ಮಂಗಳಯಾನ ನೌಕೆ 2013ರ ಡಿಸೆಂಬರ್ 1ರ ನಡುರಾತ್ರಿ ಭೂಮಿಯ ಸುತ್ತಿನ ಕಕ್ಷೆ ಬಿಟ್ಟು ಹೊರಟಿತು. ನಿಯಂತ್ರಣ ಬೆಂಗಳೂರಿನಲ್ಲಿರುವ ಇಸ್ರೋ ಕೇಂದ್ರ ಇಸ್ಟ್ರ್ಯಾಕ್‌ನಿಂದ. ನೌಕೆಯ ಮುಖ್ಯ ಎಂಜಿನ್ನಿನ ನೂಕುಬಲ 440 ನ್ಯೂಟನ್. ಅದು ಸುಮಾರು 1,329 ಸೆಕೆಂಡು ಉರಿಯಿತು. ಖರ್ಚಾದ ಇಂಧನ ಸುಮಾರು 198 ಕೆ.ಜಿ., ಎಂಜಿನ್ ಕೊಟ್ಟ ವೇಗ ಸೆಕೆಂಡಿಗೆ ಸುಮಾರು 648 ಮೀಟರ್.

ಮೊದಲು u ಹುಡುಕೋಣ. ಸೆಕೆಂಡಿಗೆ ಉರಿದ ಇಂಧನ 198/1329, ಅಂದರೆ 0.149 ಕೆ.ಜಿ. ನೂಕುಬಲ ಎಂದರೆ u ಗುಣಿಸು ಈ ದರ. ಆದ್ದರಿಂದ u = 440/0.149, ಸೆಕೆಂಡಿಗೆ ಸುಮಾರು 2,950 ಮೀಟರ್. ನಾಜಲ್ ಬಾಯಲ್ಲಿ ಅನಿಲದ ಒತ್ತಡ ಕೊಡುವ ನೂಕೂ ಈ u ಒಳಗೇ ಸೇರಿದೆ.

ಈಗ ನೌಕೆ ಎಷ್ಟು ತೂಗುತ್ತಿತ್ತು? ln(m₀/m₁) = 648/2950 = 0.22. ಅಂದರೆ m₀/m₁ ಸುಮಾರು 1.245. ಇವೆರಡರ ವ್ಯತ್ಯಾಸ 198 ಎಂದು ಗೊತ್ತಿದೆ. ಹಾಗಾಗಿ m₁ ಸುಮಾರು 807, m₀ ಸುಮಾರು 1,005 ಕೆ.ಜಿ. ಉಡಾವಣೆಯ ಹೊತ್ತಿಗೆ ನೌಕೆ 1,337 ಕೆ.ಜಿ. ಇತ್ತು. ನಡುವೆ ಕಕ್ಷೆ ಎತ್ತರಿಸಲು ಹಲವು ಸಲ ಎಂಜಿನ್ ಉರಿಸಿದ್ದರು. ಅದಕ್ಕೆ ಮುನ್ನೂರು ಚಿಲ್ಲರೆ ಕೆ.ಜಿ. ಹೋಗಿದೆ ಎಂದಾಯಿತು. ಉತ್ತರ ನಂಬುವಂತಿದೆ. ನೌಕೆಯನ್ನು ತಕ್ಕಡಿಗೆ ಹಾಕದೆ, ಬರೀ ಸಂವೇಗದಿಂದ ಅದರ ದ್ರವ್ಯರಾಶಿ ಸಿಕ್ಕಿತಲ್ಲ, ನನಗೆ ಈ ಲೆಕ್ಕದಲ್ಲಿ ತುಂಬಾ ಇಷ್ಟವಾಗುವುದು ಅದೇ.

ದ್ರವ್ಯರಾಶಿ 1,005 ಆಗಿಯೇ ಉಳಿಯಿತು ಎಂದು ಸುಮ್ನೆ F = ma ಹಾಕಿದ್ದರೆ 582 ಮೀ/ಸೆ ಬರುತ್ತಿತ್ತು. 66 ಕಡಿಮೆ. ನೂಕುಬಲ ಕೊನೆಯವರೆಗೂ 440 ಆಗಿಯೇ ಇದ್ದರೂ ವೇಗೋತ್ಕರ್ಷ ಶುರುವಿನಲ್ಲಿ 0.44, ಕೊನೆಯಲ್ಲಿ 0.55 ಮೀ/ಸೆ². ಆ ಕೊರತೆ ಅಲ್ಲಿಂದ ಬರುತ್ತದೆ.

ಇನ್ನು ನಿಮ್ಮ ಸಮೀಕರಣವನ್ನೇ ಇಲ್ಲಿ ಹಾಕಿ ನೋಡಿ. ನೂಕುಬಲ v ಗುಣಿಸು 0.149 ಆಗಬೇಕು. ಯಾವ v? ಸೂರ್ಯನಿಂದ ನೋಡಿದರೆ ಭೂಮಿಯೂ ನೌಕೆಯೂ ಸೆಕೆಂಡಿಗೆ ಸುಮಾರು 30 ಕಿ.ಮೀ. ಓಡುತ್ತಿವೆ. ಆಗ ನೂಕುಬಲ 4,470 ನ್ಯೂಟನ್! ನೌಕೆಯ ಜೊತೆಗೇ ಸಮವೇಗದಲ್ಲಿ ಹೋಗುವವರಿಗೆ ಆ ಕ್ಷಣ ಸೊನ್ನೆ. ಒಂದೇ ಎಂಜಿನ್ನಿಗೆ ನೋಡುವವರ ಮೇಲೆ ಬೇರೆ ಬೇರೆ ಬಲ ಬರಲು ಸಾಧ್ಯವಿಲ್ಲ. ನಿಮ್ಮ ಉತ್ತರ ಸರಿಯೇ ಎಂದು ಅನುಮಾನ ಬಂದಾಗಲೆಲ್ಲ ಈ ಪರೀಕ್ಷೆ ಮಾಡಿ. ನೋಡುವವರ ವೇಗ ಬದಲಿಸಿದರೆ ಬಲ ಬದಲಾಗುತ್ತಿದ್ದರೆ ಎಲ್ಲೋ ಒಂದು ಸಂವೇಗ ಬಿಟ್ಟುಹೋಗಿದೆ.

ಪರೀಕ್ಷೆಯಲ್ಲಿ ಇದಕ್ಕಿಂತ ಜಾಸ್ತಿ ಜನ ಎಡವುವುದು ಮರಳಿನ ಗಾಡಿಯಲ್ಲಿ. 10 ಟನ್ನಿನ ತೆರೆದ ಗೂಡ್ಸ್ ವ್ಯಾಗನ್ ಘರ್ಷಣೆ ಇಲ್ಲದ ಹಳಿಯ ಮೇಲೆ 4 ಮೀ/ಸೆ ವೇಗದಲ್ಲಿ ಹೋಗುತ್ತಿದೆ. ಮೇಲಿನಿಂದ ನೇರವಾಗಿ 10 ಟನ್ ಮರಳು ಬೀಳುತ್ತದೆ. ಮರಳಿಗೆ ಮುಂದಕ್ಕೆ ಹೋಗುವ ಸಂವೇಗ ಇರಲಿಲ್ಲ. ಹಾಗಾಗಿ ಒಟ್ಟು ಸಂವೇಗ ಹಾಗೇ ಇದೆ, ದ್ರವ್ಯರಾಶಿ ಎರಡು ಪಟ್ಟು, ವೇಗ 2 ಮೀ/ಸೆ. ಇಲ್ಲಿ ಮಾತ್ರ ನಿಮ್ಮ d(mv)/dt ಸರಿಯಾದ ಉತ್ತರವನ್ನೇ ಕೊಡುತ್ತದೆ. ಒಳಗೆ ಬಂದ ವಸ್ತು ಆ ದಿಕ್ಕಿನಲ್ಲಿ ಏನೂ ತರಲಿಲ್ಲವಲ್ಲ, ಅದಕ್ಕೆ.

ಈಗ ತಳದ ಬಾಗಿಲು ತೆಗೆದು ಅಷ್ಟೂ ಮರಳನ್ನು ಸುರಿಯುತ್ತಾರೆ. ವೇಗ ಮತ್ತೆ 4 ಆಗುತ್ತದೆಯೇ? ಇಲ್ಲ. ಮರಳು ಬಿಡುವಾಗ ಅದೂ 2 ಮೀ/ಸೆ ವೇಗದಲ್ಲೇ ಮುಂದೆ ಹೋಗುತ್ತಿರುತ್ತದೆ. ತನ್ನ ಪಾಲಿನ ಸಂವೇಗ ತನ್ನ ಜೊತೆ ಒಯ್ಯುತ್ತದೆ. ವ್ಯಾಗನ್ನಿನಿಂದ ನೋಡಿದರೆ u ಸೊನ್ನೆ, ಆದ್ದರಿಂದ ನೂಕೂ ಸೊನ್ನೆ. ವ್ಯಾಗನ್ 2ರಲ್ಲೇ ಮುಂದುವರಿಯುತ್ತದೆ. "mv ಸ್ಥಿರ, m ಕಡಿಮೆಯಾಯಿತು, v ಜಾಸ್ತಿಯಾಯಿತು" ಎಂದು ಬರೆಯುವವರು ಮರಳನ್ನು ಮರೆತಿರುತ್ತಾರೆ.

ಇದೇ ಜಾತಿಯ ಇನ್ನೊಂದು ಲೆಕ್ಕ ಕನ್ವೇಯರ್ ಬೆಲ್ಟ್. 2 ಮೀ/ಸೆ ವೇಗದ ಬೆಲ್ಟಿನ ಮೇಲೆ ಸೆಕೆಂಡಿಗೆ 50 ಕೆ.ಜಿ. ಜಲ್ಲಿ ನೇರವಾಗಿ ಬೀಳುತ್ತದೆ. ಬೆಲ್ಟಿನ ವೇಗ ಕಡಿಮೆಯಾಗದಂತೆ ಹಿಡಿಯಲು ಬೇಕಾದ ಹೆಚ್ಚುವರಿ ಬಲ 50 × 2 = 100 ನ್ಯೂಟನ್. ಮೋಟಾರು ಇದಕ್ಕೆ ಕೊಡುವ ಸಾಮರ್ಥ್ಯ 100 × 2 = 200 ವ್ಯಾಟ್. ಆದರೆ ಜಲ್ಲಿಗೆ ಸಿಗುವ ಚಲನಶಕ್ತಿ ಸೆಕೆಂಡಿಗೆ ½ × 50 × 4 = 100 ಜೂಲ್ ಮಾತ್ರ. ಚಲನಶಕ್ತಿಯಿಂದಲೇ ಶುರು ಮಾಡಿದವರಿಗೆ ಬಲ 50 ನ್ಯೂಟನ್ ಬರುತ್ತದೆ, ಅದು ತಪ್ಪು. ಉಳಿದ ಅರ್ಧ, ಬಿದ್ದ ಜಲ್ಲಿ ಬೆಲ್ಟಿನ ವೇಗಕ್ಕೆ ಬರುವವರೆಗೆ ಅದರ ಮೇಲೆ ಜಾರುವಾಗ ಬಿಸಿಯಾಗಿ ಹೋಗುತ್ತದೆ. ಬೆಲ್ಟ್ ನುಣುಪಾಗಿದ್ದರೆ ಜಲ್ಲಿ ಜಾಸ್ತಿ ದೂರ ಜಾರುತ್ತದೆ, ಒರಟಾಗಿದ್ದರೆ ಕಡಿಮೆ ದೂರ. ಆದರೆ ಬಿಸಿಯಾಗುವ ಪಾಲು ಎರಡೂ ಸಲ ಅದೇ ಅರ್ಧ.