ಸಾರಿಗೆ ಯಾವ ಬೇಳೆ, ಎಷ್ಟು ಹೊತ್ತು?

"ತೊಗರಿಬೇಳೆ, ಕಡಲೆಬೇಳೆ ಒಟ್ಟಿಗೆ ಕುಕ್ಕರಿಗಿಟ್ಟರೆ ಒಂದು ಕರಗುತ್ತೆ, ಇನ್ನೊಂದು ಗಟ್ಟಿಯಾಗೇ ಇರುತ್ತೆ. ಯಾವ ಬೇಳೆ ಎಷ್ಟು ಬೇಯಿಸಬೇಕು, ಯಾವುದು ಯಾವುದಕ್ಕೆ?"

ಎರಡನ್ನೂ ಬೇರೆ ಬೇರೆ ಪಾತ್ರೆಯಲ್ಲಿ ಬೇಯಿಸಿ. ಸಾರು, ಹುಳಿಗೆ ತೊಗರಿಬೇಳೆಯೇ ಸರಿ. ಒಂದು ಲೋಟ ಬೇಳೆಯನ್ನು ಅರ್ಧ ಗಂಟೆ ನೆನೆಸಿ, ಮೂರು ಲೋಟ ನೀರು, ಚಿಟಿಕೆ ಅರಿಶಿನ, ಒಂದು ಚಮಚ ಎಣ್ಣೆ ಹಾಕಿ ನಾಲ್ಕು ಸೀಟಿ ಕೂಗಿಸಿ. ಆವಿ ತಾನಾಗಿ ಇಳಿದ ಮೇಲೆ ಸೌಟಿನಲ್ಲಿ ಮಸೆದರೆ ಬೆಣ್ಣೆಯಂತಾಗಬೇಕು. ಹುಣಸೆರಸವನ್ನು ಆಮೇಲೆಯೇ ಹಾಕಿ. ಹುಳಿ ಬಿದ್ದ ಬೇಳೆ ಮೆತ್ತಗಾಗುವುದಿಲ್ಲ. ಹಳೆಯ ದಾಸ್ತಾನಿನ ಬೇಳೆಗೆ ಇನ್ನೊಂದೆರಡು ಸೀಟಿ ಬೇಕು.

ಕಡಲೆಬೇಳೆ ಕರಗಬಾರದು, ಅದೇ ಅದರ ಗುಣ. ಹೋಳಿಗೆಗಾದರೆ ಒಂದು ಗಂಟೆ ನೆನೆಸಿ, ತೆರೆದ ಪಾತ್ರೆಯಲ್ಲಿ ಧಾರಾಳ ನೀರಿಟ್ಟು ಬೇಯಿಸಿ. ಅರ್ಧ ಗಂಟೆಯಾದ ಮೇಲೆ ಒಂದು ಕಾಳು ತೆಗೆದು ಬೆರಳಲ್ಲಿ ಒತ್ತಿ ನೋಡಿ: ಆಕಾರ ಉಳಿದಿದ್ದು, ಒತ್ತಿದರೆ ಹಿಟ್ಟಾಗಬೇಕು, ನಡುವೆ ಬಿಳಿ ಗಟ್ಟಿ ಚುಕ್ಕೆ ಇರಬಾರದು. ಹೆಚ್ಚು ಬೆಂದರೆ ನೀರು ಹೀರಿ ಹೂರಣ ತೆಳ್ಳಗಾಗಿ, ಲಟ್ಟಿಸುವಾಗ ಕಣಕ ಹರಿಯುತ್ತದೆ. ಬಸಿದ ಕಟ್ಟು ಚೆಲ್ಲಬೇಡಿ, ಒಬ್ಬಟ್ಟಿನ ಸಾರಿಗೆ ಅದೇ ಬೇಕು.

ಹೆಸರುಬೇಳೆಗೆ ಕುಕ್ಕರೇ ಬೇಡ, ತೆರೆದ ಪಾತ್ರೆಯಲ್ಲಿ 20–25 ನಿಮಿಷ ಸಾಕು. ಪೊಂಗಲ್ಲಿಗೆ ಮೊದಲು ಘಮ್ಮೆನ್ನುವಷ್ಟು ಹುರಿಯಿರಿ. ಕೋಸಂಬರಿಗೆ ನೆನೆಸಿದರೆ ಆಯಿತು. ಕೆಂಪು ಮಸೂರ್ ಬೇಳೆ ಇನ್ನೂ ಬೇಗ, 15–20 ನಿಮಿಷಕ್ಕೆ ಗಂಜಿಯಂತಾಗುತ್ತದೆ. ಅವಸರದ ದಾಲ್‌ಗೆ ಒಳ್ಳೆಯದು. ಉದ್ದಿನಬೇಳೆ ಬೆಂದರೆ ಲೋಳೆ ಬಿಡುತ್ತದೆ, ಸಾರಿಗೆ ಒಗ್ಗದು. ಅದನ್ನು ಇಡ್ಲಿ, ವಡೆಗೆ ರುಬ್ಬಿ, ಇಲ್ಲವೇ ಒಗ್ಗರಣೆಗೆ ಹಾಕಿ.