ಆಫರ್ ಲೆಟರ್ ಬಂದಿದೆ, ಮೊದಲು ಫೀಸ್ ಕಟ್ಟಬೇಕಂತೆ

ಪ್ರಶ್ನೆ: ನನ್ನ ತಮ್ಮ ಈಗಷ್ಟೇ ಡಿಗ್ರಿ ಮುಗಿಸಿದ್ದಾನೆ. ಹೋದ ವಾರ ಒಂದು ದೊಡ್ಡ ಕಂಪನಿಯ ಹೆಸರಲ್ಲಿ ಮೇಲ್ ಬಂತು. ಚಾಟ್‌ನಲ್ಲೇ ಇಂಟರ್‌ವ್ಯೂ ಮಾಡಿ, ಮರುದಿನವೇ ಆಫರ್ ಲೆಟರ್ ಕಳಿಸಿದರು. ಈಗ ಕ್ಯೂಆರ್ ಕೋಡ್ ಕಳಿಸಿ ರಿಜಿಸ್ಟ್ರೇಷನ್ ಫೀಸ್ ಕೇಳ್ತಿದ್ದಾರೆ. ಮೊದಲ ಸಂಬಳದ ಜೊತೆ ವಾಪಸ್ ಕೊಡ್ತಾರಂತೆ. ನಾಳೆ ಸಂಜೆ ಐದು ಗಂಟೆಯೇ ಕೊನೆ. ಆ ಎಚ್‌ಆರ್ ಹೆಸರಿನವರು ನಿಜಕ್ಕೂ ಕಂಪನಿಯಲ್ಲಿ ಇದ್ದಾರೆ ಅಂತ ತಮ್ಮ ಹುಡುಕಿ ತೋರಿಸಿದ. ನಾನು ಅನುಮಾನಪಟ್ಟರೆ "ನನಗೆ ಕೆಲಸ ಸಿಗೋದು ನಿನಗೆ ಇಷ್ಟ ಇಲ್ವಾ ಅಕ್ಕ?" ಅಂತಾನೆ. ಮೊತ್ತವೂ ದೊಡ್ಡದಲ್ಲ. ಜಗಳ ಆಡೋದಾ, ಸುಮ್ನಿರೋದಾ?

ಉತ್ತರ: ಜಗಳ ಬೇಡ, ಸುಮ್ನಿರೋದೂ ಬೇಡ. "ಇದು ಮೋಸ" ಅಂತ ನೀವು ಹೇಳಿದಷ್ಟೂ ಅವನು ಆ ಕಂಪನಿಯ ಪರ ವಾದ ಮಾಡ್ತಾನೆ. ಅದರ ಬದಲು ಅವನ ಪಕ್ಕ ಕೂತು ಆ ಮೇಲ್ ತೆರೆಸಿ. ಅವನ ಕೈಯಲ್ಲೇ ಪರೀಕ್ಷೆ ಮಾಡಿಸಿ.

ಮೊದಲು ಮೇಲ್ ವಿಳಾಸ ನೋಡಿ. ಮೇಲೆ ಕಾಣುವ ಹೆಸರನ್ನು ಲೆಕ್ಕಕ್ಕೆ ತಗೋಬೇಡಿ, ಅದನ್ನು ಯಾರು ಏನು ಬೇಕಾದರೂ ಬರೆದುಕೊಳ್ಳಬಹುದು. ಹೆಸರಿನ ಮೇಲೆ ಒತ್ತಿದರೆ ಪೂರ್ತಿ ವಿಳಾಸ ತೆರೆದುಕೊಳ್ಳುತ್ತದೆ. ಕಂಪನಿಯ ವೆಬ್‌ಸೈಟ್ `company.example` ಅಂತಿಟ್ಟುಕೊಳ್ಳಿ. ಆಗ `hr@company.example` ಸರಿ. `hr@careers.company.example` ಕೂಡ ಸರಿ, ಯಾಕಂದರೆ ಅದರ ಬಾಲ ಅದೇ, ಬಾಲಕ್ಕೆ ಮೊದಲು ಚುಕ್ಕೆ ಇದೆ. ಆದರೆ `hr@company-careers.example` ಬೇರೆಯೇ ಹೆಸರು. ನಡುವೆ ಒಂದು ಅಡ್ಡಗೆರೆ ಬಂತು ಅಂದರೆ ಅದು ಆ ಕಂಪನಿಯದೇ ಅಂತ ನಂಬುವ ಹಾಗಿಲ್ಲ. ಖಾಲಿ ಇದ್ದರೆ ಅಂಥ ಹೆಸರನ್ನು ನೀವೂ ಕೊಳ್ಳಬಹುದು, ನಾನೂ ಕೊಳ್ಳಬಹುದು. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. ಕಂಪನಿಯ ಹೆಸರು ಕಂಡ ಕೂಡಲೇ ಕಣ್ಣು ಮುಂದಕ್ಕೆ ಓದುವುದಿಲ್ಲ.

ವಿಳಾಸ ಸರಿಯಾಗೇ ಕಂಡರೂ ಸ್ವಲ್ಪ ತಡೆಯಿರಿ, ಕಳಿಸಿದವರ ವಿಳಾಸವನ್ನೂ ನಕಲಿ ಮಾಡಬಹುದು. ಉತ್ತರ ಬರೆಯುವ ಹಾಗೆ ರಿಪ್ಲೈ ಒತ್ತಿ, ಆದರೆ ಕಳಿಸಬೇಡಿ. ಉತ್ತರ ಯಾರಿಗೆ ಹೋಗಲಿದೆ ಅಂತ ನೋಡಿ. ಅಲ್ಲಿ ಬೇರೆ ವಿಳಾಸ ಬಂದು ಕೂತಿದ್ದರೆ, ಅದೂ ಯಾವುದೋ ಉಚಿತ ಮೇಲ್ ಖಾತೆಯಾಗಿದ್ದರೆ, ತಮ್ಮನಿಗೆ ನೀವೇನೂ ಹೇಳಬೇಕಾಗಿಲ್ಲ.

ಇನ್ನೊಂದು ಪರೀಕ್ಷೆ ಅವನಿಗೆ ಇಷ್ಟವೂ ಆಗಬಹುದು. `lookup.icann.org` ತೆರೆದು, ವಿಳಾಸದಲ್ಲಿ `@` ಆದಮೇಲೆ ಇರುವ ಹೆಸರನ್ನು, ಮೊದಲಲ್ಲಿ `careers.` ಥರದ್ದು ಇದ್ದರೆ ಅದನ್ನು ಬಿಟ್ಟು, ಹಾಕಿ ಹುಡುಕಲಿ. ಆ ಹೆಸರು ಯಾವತ್ತು ನೋಂದಣಿ ಆಯ್ತು ಅಂತ ಸಾಮಾನ್ಯವಾಗಿ ತೋರಿಸುತ್ತದೆ. ಎಷ್ಟೋ ವರ್ಷದಿಂದ ನಡೆಯುತ್ತಿರುವ ಕಂಪನಿಯ ಮೇಲ್ ವಿಳಾಸ ಹುಟ್ಟಿ ಇಪ್ಪತ್ತು ದಿನ ಆಗಿದೆ ಅಂದರೆ ಮುಂದೆ ಓದುವ ಕೆಲಸವೇ ಇಲ್ಲ. ಕೆಲವು ದೇಶಗಳ ವಿಳಾಸಗಳ ವಿವರ ಅಲ್ಲಿ ಸಿಗುವುದಿಲ್ಲ. ಸಿಗಲಿಲ್ಲ ಅಂದ ಮಾತ್ರಕ್ಕೆ ಮೋಸ ಅಂತ ಅಲ್ಲ. ಹಳೆಯ ತಾರೀಖು ಸಿಕ್ಕಿದರೆ ಅಸಲಿ ಅಂತಲೂ ಅಲ್ಲ.

ಇನ್ನು ಆ ಎಚ್‌ಆರ್ ಹೆಸರು. ಹೆಸರು ನಿಜವೇ ಇರುತ್ತದೆ, ತೊಂದರೆ ಇರುವುದೇ ಅಲ್ಲಿ. ಮೋಸಗಾರರು ಸುಳ್ಳು ಹೆಸರು ಹುಟ್ಟಿಸುವ ಕಷ್ಟ ಯಾಕೆ ಪಡಬೇಕು? ಕೆಲಸದ ಜಾಲತಾಣಗಳಲ್ಲಿ ನಿಜವಾದವರ ಹೆಸರು, ಹುದ್ದೆ, ಫೋಟೋ ಎಲ್ಲಾ ತೆರೆದೇ ಇರುತ್ತದೆ. ನೀವು ಹುಡುಕುತ್ತೀರಿ ಅಂತ ಗೊತ್ತಿದ್ದೇ ಅದನ್ನು ಎತ್ತಿಕೊಳ್ಳುತ್ತಾರೆ. ಅಂಥವರೊಬ್ಬರು ಇದ್ದಾರೆ ಅನ್ನೋದಷ್ಟೇ ತಮ್ಮನಿಗೆ ಗೊತ್ತಾಗಿದೆ. ಈ ಮೇಲ್ ಬರೆದದ್ದು ಅವರೇನಾ ಅನ್ನೋದು ಗೊತ್ತಾಗಿಲ್ಲ. ಅದಕ್ಕಿರುವ ದಾರಿ ಒಂದೇ. ಕಂಪನಿಯ ವೆಬ್‌ಸೈಟ್ ವಿಳಾಸವನ್ನು ಕೈಯಿಂದ ಟೈಪ್ ಮಾಡಿ, ಅಲ್ಲಿರುವ ನಂಬರ್‌ಗೆ ಫೋನ್ ಮಾಡಿ, ಆಫರ್ ಲೆಟರ್‌ನಲ್ಲಿರುವ ಉಲ್ಲೇಖ ಸಂಖ್ಯೆ ಹೇಳಿ ಕೇಳುವುದು. ಲೆಟರ್‌ನಲ್ಲೇ ಕೊಟ್ಟ ನಂಬರ್‌ಗೆ ಮಾಡಿದರೆ ಎತ್ತುವವನೂ ಅವರವನೇ.

ಈಗ ಮುಖ್ಯವಾದದ್ದು, ಫೀಸ್. ಇವತ್ತೇ ತಮ್ಮನಿಂದ ಒಂದು ಸಾಲು ಬರೆಸಿ: "ನನ್ನ ಹತ್ತಿರ ಈಗ ಹಣ ಇಲ್ಲ, ಮೊದಲ ಸಂಬಳದಲ್ಲಿ ಹಿಡಿದುಕೊಳ್ಳಿ." ಹೇಗೂ ಆ ಸಂಬಳದ ಜೊತೆಗೇ ವಾಪಸ್ ಕೊಡುವ ಹಣ ಅಲ್ವಾ? ಅಂದಮೇಲೆ ಕಟ್ಟಿಸಿಕೊಂಡು ಕೊಡುವುದಕ್ಕೂ, ಕಟ್ಟಿಸಿಕೊಳ್ಳದೇ ಇರುವುದಕ್ಕೂ ಲೆಕ್ಕದಲ್ಲಿ ವ್ಯತ್ಯಾಸವೇ ಇಲ್ಲ. ಉತ್ತರ ಹೆಚ್ಚುಕಮ್ಮಿ ಹೀಗಿರುತ್ತದೆ: "ಸಿಸ್ಟಮ್ ಒಪ್ಪಲ್ಲ", "ನಿಮ್ಮ ಸೀಟು ಬೇರೆಯವರಿಗೆ ಹೋಗುತ್ತೆ", ಇಲ್ಲವಾದರೆ "ಅರ್ಧ ಈಗ ಕಟ್ಟಿ". ಚೌಕಾಸಿಗೆ ಇಳಿಯುವ ಎಚ್‌ಆರ್ ವಿಭಾಗ ನಾನಂತೂ ಕಂಡಿಲ್ಲ. "ಸರಿ, ಆಮೇಲೆ ಹಿಡಿದುಕೊಳ್ಳೋಣ" ಅಂದರೂ ಮೈಮರೆಯಬೇಡಿ. ಮುಂದಿನ ಸಲ ಬ್ಯಾಂಕ್ ವಿವರವನ್ನೋ ಒಟಿಪಿಯನ್ನೋ ಕೇಳಬಹುದು.

ಮೊತ್ತ ದೊಡ್ಡದಲ್ಲ ಅಂದಿರಿ. ಬೇಕಂತಲೇ ಚಿಕ್ಕದಾಗಿ ಇಟ್ಟಿರುತ್ತಾರೆ. ಅದು ಜರಡಿ. ಯಾರು ಕೇಳಿದ ತಕ್ಷಣ ಕಟ್ಟುತ್ತಾರೆ, ಯಾರು ಪ್ರಶ್ನೆ ಹಾಕುತ್ತಾರೆ ಅಂತ ಅದರಲ್ಲಿ ಬೇರೆ ಮಾಡುತ್ತಾರೆ. ಕಟ್ಟಿದವನಿಗೆ ಎರಡು ದಿನ ಬಿಟ್ಟು ದಾಖಲೆ ಪರಿಶೀಲನೆಯ ಶುಲ್ಕ, ಆಮೇಲೆ ಟ್ರೈನಿಂಗ್ ಡಿಪಾಸಿಟ್, ಆಮೇಲೆ ಲ್ಯಾಪ್‌ಟಾಪ್‌ಗೆ ಭದ್ರತಾ ಹಣ. ಪ್ರತಿ ಸಲವೂ ಹಿಂದಿನದಕ್ಕಿಂತ ಜಾಸ್ತಿ, ಪ್ರತಿ ಸಲವೂ "ಇದೇ ಕೊನೆ". ಎರಡನೇ ಸಲ ಕಟ್ಟುವುದು ಕೆಲಸದ ಆಸೆಗಲ್ಲ, ಮೊದಲು ಕಟ್ಟಿದ್ದು ಹೋದೀತು ಅನ್ನುವ ಹೆದರಿಕೆಗೆ. ನಾಳೆ ಸಂಜೆ ಐದರ ಗಡುವು ಕೂಡ ಇದಕ್ಕೇ. ಅವನು ನಿಮ್ಮನ್ನಾಗಲಿ, ಕಾಲೇಜಿನ ಪ್ಲೇಸ್‌ಮೆಂಟ್ ವಿಭಾಗವನ್ನಾಗಲಿ ಕೇಳುವಷ್ಟು ಸಮಯ ಸಿಗಬಾರದು.

"ಎಲ್ಲಾ ಕಡೆ ಹೀಗೇ ಅಕ್ಕ" ಅಂತ ತಮ್ಮ ಹೇಳಬಹುದು. ಹೀಗೆ ಇಲ್ಲ. ಖಾಸಗಿ ಉದ್ಯೋಗ ಏಜೆನ್ಸಿಗಳ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1997ರಲ್ಲಿ ಮಾಡಿದ 181ನೇ ಒಡಂಬಡಿಕೆಯಲ್ಲಿ, ಕೆಲಸಗಾರರಿಂದ ನೇರವಾಗಲಿ ಸುತ್ತುಬಳಸಿಯಾಗಲಿ ಶುಲ್ಕ ತೆಗೆದುಕೊಳ್ಳಬಾರದು ಅಂತಲೇ ಇದೆ. ವಿನಾಯಿತಿಗೆ ಅವಕಾಶ ಇದೆ, ಎಲ್ಲಾ ದೇಶಗಳೂ ಅದಕ್ಕೆ ಸಹಿ ಹಾಕಿಲ್ಲ. ಆದರೂ ಖರ್ಚು ಹೊರಬೇಕಾದವರು ಕೆಲಸಕ್ಕೆ ಜನ ಬೇಕಾದವರೇ ಅನ್ನುವುದು ಒಪ್ಪಿಕೊಂಡ ಮಾತು. ಇದಕ್ಕೂ ಪರೀಕ್ಷೆಯ ಅರ್ಜಿ ಶುಲ್ಕಕ್ಕೂ ಗಂಟು ಹಾಕಬೇಡಿ. ಸರ್ಕಾರಿ ನೇಮಕಾತಿ ಪರೀಕ್ಷೆಗೆ ಅರ್ಜಿ ಶುಲ್ಕ ಇರುವ ಕಡೆ ಅದನ್ನು ಆಯ್ಕೆಗೆ ಮೊದಲೇ, ಎಲ್ಲರೂ, ಪ್ರಕಟಣೆಯಲ್ಲಿ ಹೇಳಿದ ರೀತಿಯಲ್ಲೇ ಕಟ್ಟುತ್ತಾರೆ. ಕಟ್ಟಿದ ಮಾತ್ರಕ್ಕೆ ಕೆಲಸ ಕೊಡ್ತೀವಿ ಅಂತ ಅಲ್ಲಿ ಯಾರೂ ಹೇಳುವುದಿಲ್ಲ. ನಿಮ್ಮ ತಮ್ಮನಿಗೆ "ಆಯ್ಕೆ ಆಗಿದ್ದೀಯ" ಅಂದ ಮೇಲೆ, ಅವನೊಬ್ಬನಿಗೇ ಕ್ಯೂಆರ್ ಕೋಡ್ ಬಂದಿದೆ. ಸ್ಕ್ಯಾನ್ ಮಾಡಿದಾಗ ಹಣ ಯಾರ ಹೆಸರಿಗೆ ಹೋಗುತ್ತದೆ ಅಂತ ಪರದೆ ಮೇಲೆ ಬಂದರೆ ಓದಲಿ. ಕಂಪನಿಯ ಬದಲು ಯಾರೋ ಒಬ್ಬ ವ್ಯಕ್ತಿಯ ಹೆಸರು ಬಂದರೆ ಅಲ್ಲಿಗೇ ನಿಲ್ಲಿಸಲಿ.

ಇಷ್ಟೆಲ್ಲಾ ನೋಡಿಯೂ ಅವನು ಕಟ್ಟಿಬಿಟ್ಟರೆ ಬೈಯಬೇಡಿ, ಬೈದರೆ ಎರಡನೇ ಸಲ ಕಟ್ಟಿದ್ದನ್ನು ನಿಮಗೆ ಹೇಳುವುದೇ ಇಲ್ಲ. ಆ ಕ್ಷಣವೇ ಬ್ಯಾಂಕಿಗೆ ಫೋನ್ ಮಾಡಿ, ಹಣ ಬೇರೆ ಖಾತೆಗಳಿಗೆ ದಾಟುವ ಮೊದಲು ತಡೆಯಲು ಆಗಬಹುದು. ಆಮೇಲೆ ಸೈಬರ್ ಅಪರಾಧ ವಿಭಾಗಕ್ಕೆ ದೂರು ಕೊಡಿ. ಚಾಟ್, ಮೇಲ್, ಹಣ ಹೋದ ಖಾತೆಯ ವಿವರ ಯಾವುದನ್ನೂ ಅಳಿಸಬೇಡಿ. ಗುರುತಿನ ಚೀಟಿಯ ಪ್ರತಿ ಈಗಾಗಲೇ ಕಳಿಸಿದ್ದರೆ ಅದನ್ನೂ ದೂರಿನಲ್ಲಿ ಬರೆಯಿರಿ, ಅವನ ಹೆಸರಲ್ಲಿ ಯಾರಾದರೂ ಸಾಲ ತೆಗೆದರೆ ಆ ದೂರು ಬೇಕಾಗುತ್ತದೆ. ಕೆಲವು ದಿನ ಬಿಟ್ಟು "ಕಳೆದ ಹಣ ವಾಪಸ್ ಕೊಡಿಸ್ತೀವಿ, ಪ್ರೊಸೆಸಿಂಗ್ ಫೀಸ್ ಕಟ್ಟಿ" ಅಂತ ಇನ್ನೊಂದು ಫೋನ್ ಬಂದರೂ ಬರಬಹುದು. ಒಮ್ಮೆ ಕಟ್ಟಿದವರ ಪಟ್ಟಿ ಕೈಯಿಂದ ಕೈಗೆ ಹೋಗುತ್ತಿರುತ್ತದೆ. ಆ ಫೋನ್ ಬಗ್ಗೆ ತಮ್ಮನಿಗೆ ಈಗಲೇ ಹೇಳಿಟ್ಟಿರಿ.